ಡಿಸಿ ಕನ್ವರ್ಷನ್ ಆದೇಶ ಇದೆ ಅಂತ ತೋರಿಸ್ತಿದ್ದಾರೆ, 30×40 ಸೈಟಿಗೆ ಅದು ಸಾಕಾ?

ಸೈಟು ಹುಡುಕಾಟ
ಎಲ್ಲರಿಗೂ ನಮಸ್ಕಾರ. ಮೈಸೂರು ತಾಲ್ಲೂಕು, ಇಲವಾಲ ಕಡೆ ಒಂದು ಹಳ್ಳಿ ಪಕ್ಕದಲ್ಲಿ 30×40 ಸೈಟು ನೋಡಿದ್ದೀವಿ. ಮಾರೋರು ಕೊಟ್ಟಿರೋ ಕಾಗದ ಇಷ್ಟು: 2014ರ ಭೂ ಪರಿವರ್ತನೆ ಆದೇಶದ ಜೆರಾಕ್ಸ್, ಈ ವರ್ಷದ ಪಹಣಿ, ಪಂಚಾಯ್ತಿಯ ಇ-ಸ್ವತ್ತು ನಮೂನೆ 11ಬಿ, ಒಂದು ಲೇಔಟ್ ನಕ್ಷೆ. ನಕ್ಷೆ ಮೇಲೆ ಯಾವ ಸೀಲೂ ಇಲ್ಲ. ಸರ್ವೆ ನಂಬರ್ 47/2 ಅಂದ್ಕೊಳ್ಳಿ, ನಿಜವಾದ ನಂಬರು ಬೇರೆ. ನಮ್ಮ ಸೈಟು ನಂಬರ್ 53. "ಡಿಸಿ ಕನ್ವರ್ಷನ್ ಆಗಿದೆ, ಇನ್ನೇನು ಬೇಕು" ಅಂತಾರೆ. ಮುಂಗಡ ಕೊಡೋ ಮುಂಚೆ ಏನು ನೋಡಬೇಕು?

ಹೂಟಗಳ್ಳಿ ನಿವಾಸಿ
ಕನ್ವರ್ಷನ್ ಇದ್ದರೆ ಸಾಕು ಸಾರ್. ಆದೇಶ ಇಲ್ಲದೆ ಗುಂಟೆ ಲೆಕ್ಕದಲ್ಲಿ ಮಾರೋ ರೆವಿನ್ಯೂ ಸೈಟಿಗೆ ಹೋಲಿಸಿದರೆ ಇದು ಎಷ್ಟೋ ಮೇಲು. ಪಂಚಾಯ್ತಿ ಖಾತೆನೂ ಇದೆಯಲ್ಲ.

ಕಡತ ಕೋಣೆ
ಸಾಕಾಗಲ್ಲ. ಹೂಟಗಳ್ಳಿಯವರು ಹೇಳಿದ್ದು ಅರ್ಧ ನಿಜ. ಆದೇಶ ಇಲ್ಲದ ಜಮೀನಿಗಿಂತ ಇರೋದು ವಾಸಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪರಿವರ್ತನೆ ಆದೇಶ ಕೊಡೋದು ಜಮೀನಿಗೆ, ಸೈಟಿಗಲ್ಲ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಕಲಂ 95ರ ಪ್ರಕಾರ ಇಂಥ ಸರ್ವೆ ನಂಬರಿನಲ್ಲಿ ಇಷ್ಟು ಎಕರೆ ಇಷ್ಟು ಗುಂಟೆಯನ್ನ ವಾಸದ ಉದ್ದೇಶಕ್ಕೆ ಬಳಸಬಹುದು ಅಂತ ಮಾತ್ರ ಅದು ಹೇಳುತ್ತೆ. ಆ ಜಾಗದಲ್ಲಿ ರಸ್ತೆ ಎಲ್ಲಿ, ಪಾರ್ಕ್ ಎಲ್ಲಿ, 53ನೇ ಸೈಟು ಎಲ್ಲಿ ಅನ್ನೋದನ್ನ ಹೇಳೋದು ಯೋಜನಾ ಪ್ರಾಧಿಕಾರ ಮಂಜೂರು ಮಾಡಿದ ಬಡಾವಣೆ ನಕ್ಷೆ. ಆ ಎರಡನೇ ಕಾಗದ ನಿಮ್ಮ ಪಟ್ಟಿಯಲ್ಲೇ ಇಲ್ಲ. ಸೀಲಿಲ್ಲದ ನಕ್ಷೆಯನ್ನ ಯಾರು ಬೇಕಾದರೂ ಬರೀಬಹುದು.

ಮೊದಲು ಆದೇಶವನ್ನೇ ಓದೋಣ. ಮೂರು ವಿಷಯ ಇಲ್ಲಿ ಬರೀರಿ: ಎಷ್ಟು ವಿಸ್ತೀರ್ಣಕ್ಕೆ ಆದೇಶ ಆಗಿದೆ, ಯಾವ ಉದ್ದೇಶಕ್ಕೆ, ಚೆಕ್ಕುಬಂದಿ ಏನು ಬರೆದಿದೆ. ಆಮೇಲೆ ಪಹಣಿಯಲ್ಲಿ ಒಟ್ಟು ವಿಸ್ತೀರ್ಣ ಎಷ್ಟು, ಖರಾಬು ಎಷ್ಟು, 11ನೇ ಕಾಲಮ್ಮಿನಲ್ಲಿ ಏನಿದೆ ನೋಡಿ. ನಕ್ಷೆಯಲ್ಲಿ ಒಟ್ಟು ಎಷ್ಟು ಸೈಟು ಅಂತಲೂ ಹೇಳಿ.

ಮದ್ದೂರು ಹುಡುಗ
2020ರಲ್ಲಿ 79ಎ, 79ಬಿ ತೆಗೆದುಬಿಟ್ಟರಲ್ಲ ಗುರು. ಈಗ ಯಾರು ಬೇಕಾದ್ರೂ ಕೃಷಿ ಜಮೀನು ತಗೋಬಹುದು. ಕನ್ವರ್ಷನ್ ಯಾಕೆ ಬೇಕು?

ಕಡತ ಕೋಣೆ
ಅದು ಬೇರೆ ಕಾಯ್ದೆ, ಬೇರೆ ವಿಷಯ. 79ಎ, 79ಬಿ ಇದ್ದದ್ದು ಭೂ ಸುಧಾರಣಾ ಕಾಯ್ದೆಯಲ್ಲಿ. ಕೃಷಿ ಜಮೀನನ್ನ *ಯಾರು ಕೊಳ್ಳಬಹುದು* ಅನ್ನೋ ನಿರ್ಬಂಧ ಅದು. ಕೊಂಡ ಜಮೀನನ್ನ *ಯಾವುದಕ್ಕೆ ಬಳಸಬಹುದು* ಅನ್ನೋದು ಭೂ ಕಂದಾಯ ಕಾಯ್ದೆಯ ಕಲಂ 95. ಅದು ಹಾಗೇ ಇದೆ. ಅನುಮತಿ ಇಲ್ಲದೆ ಬೇರೆ ಉಪಯೋಗಕ್ಕೆ ಬಳಸಿದರೆ ಕಲಂ 96ರಲ್ಲಿ ದಂಡವೂ ಇದೆ, ತೆರವೂ ಇದೆ.

ಮದ್ದೂರು ಹುಡುಗ
ಓಹ್ ಸರಿ. ನಮ್ಮ ಕಡೆ ಏಜೆಂಟ್‌ಗಳೆಲ್ಲ ಇದನ್ನೇ ಹೇಳಿಕೊಂಡು ಮಾರ್ತಾ ಇದಾರೆ.

ಸೈಟು ಹುಡುಕಾಟ
ನೋಡಿದೆ. ಆದೇಶದಲ್ಲಿ "47/2ರ ಪೈಕಿ 1 ಎಕರೆ 20 ಗುಂಟೆ, ವಾಸದ ಉದ್ದೇಶ". ಪಹಣಿಯಲ್ಲಿ ಒಟ್ಟು 2 ಎಕರೆ 14 ಗುಂಟೆ, ಅದರಲ್ಲಿ ಬ-ಖರಾಬು 4 ಗುಂಟೆ. 11ನೇ ಕಾಲಮ್ಮಿನಲ್ಲಿ 1-20 ಭೂಪರಿವರ್ತಿತ ಅಂತ ಒಂದು ಸಾಲು ಇದೆ. ನಕ್ಷೆಯಲ್ಲಿ 62 ಸೈಟು, ಎಲ್ಲಾ 30×40. ಚೆಕ್ಕುಬಂದಿ ಜೆರಾಕ್ಸಿನಲ್ಲಿ ಮಸುಕಾಗಿದೆ, ಸಂಜೆ ಸರಿಯಾಗಿ ಓದಿ ಹಾಕ್ತೀನಿ.

ಸರ್ವೆ ಚೈನು
ಚೆಕ್ಕುಬಂದಿ ಬರೋವರೆಗೂ ಕಾಯಬೇಕಿಲ್ಲ, ಲೆಕ್ಕವೇ ಹೇಳ್ತಾ ಇದೆ.

ಒಂದು ಗುಂಟೆ ಅಂದ್ರೆ 1,089 ಚದರಡಿ. 1 ಎಕರೆ 20 ಗುಂಟೆ ಅಂದ್ರೆ 60 ಗುಂಟೆ, ಅಂದ್ರೆ 65,340 ಚದರಡಿ. ಈಗ 62 ಸೈಟು, ಒಂದೊಂದು 1,200 ಚದರಡಿ. ಒಟ್ಟು 74,400. ರಸ್ತೆ, ಚರಂಡಿ, ಪಾರ್ಕಿಗೆ ಒಂದಡಿಯೂ ಬಿಡದೆ ಬರೀ ಸೈಟನ್ನೇ ಜೋಡಿಸಿದರೂ ಪರಿವರ್ತನೆ ಆದ ಜಾಗಕ್ಕಿಂತ 9,060 ಚದರಡಿ ಹೆಚ್ಚಾಗುತ್ತೆ. ಅಂದಮೇಲೆ ಕೆಲವು ಸೈಟು ಇನ್ನೂ ಕೃಷಿ ಜಮೀನಾಗಿರೋ ಉಳಿಕೆ 30 ಗುಂಟೆಯಲ್ಲಿವೆ. ಖರಾಬಿನ ಮೇಲೂ ಒಂದೆರಡು ಕೂತಿರಬಹುದು.

ಇನ್ನೊಂದು ವಿಷಯ. ಮಂಜೂರಾದ ಬಡಾವಣೆಯಲ್ಲಿ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಕಳೆದು ಸೈಟಿಗೆ ಸಿಗೋದು ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಶೇ. 55 ಅಂತ ಹಿಡಿದರೂ 65,340ರಲ್ಲಿ 36,000 ಚದರಡಿಯೂ ಬರಲ್ಲ. ಮೂವತ್ತು ಸೈಟು ಆದರೆ ಹೆಚ್ಚು. 62 ಸೈಟಿನ ನಕ್ಷೆ ಯಾವ ಪ್ರಾಧಿಕಾರದಿಂದಲೂ ಮಂಜೂರಾಗಿ ಬಂದಿರೋಕೆ ಸಾಧ್ಯವಿಲ್ಲ.

ಹೂಟಗಳ್ಳಿ ನಿವಾಸಿ
ಈ ಲೆಕ್ಕ ನನಗೆ ಹೊಳೆದೇ ಇರಲಿಲ್ಲ. ಹಾಗಾದ್ರೆ 11ಬಿ ಹೆಂಗೆ ಕೊಟ್ಟರು ಪಂಚಾಯ್ತಿಯವರು?

ಕಡತ ಕೋಣೆ
11ಬಿ ಕೊಡೋದೇ ಇಂಥವಕ್ಕೆ. ಕ್ರಮಬದ್ಧವಾದ ಆಸ್ತಿಗೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಬರುತ್ತೆ. ಪರಿವರ್ತನೆ ಇಲ್ಲದೆ ಅಥವಾ ನಕ್ಷೆ ಮಂಜೂರಿಲ್ಲದೆ ಇದ್ದು ತೆರಿಗೆ ಕಟ್ಟಿಸಿಕೊಳ್ಳೋ ಆಸ್ತಿಗೆ 11ಬಿ. ಹೆಸರು, ಅಳತೆ, ಕಂದಾಯ ದಾಖಲಾಗಿದೆ ಅನ್ನೋದಷ್ಟೇ ಅದರ ಅರ್ಥ. ಸೈಟು ಕಾನೂನುಬದ್ಧ ಅಂತ ಅದು ಹೇಳಲ್ಲ. ಮಾರೋರು "ಇ-ಖಾತೆ ಇದೆ" ಅಂದಾಗ ಯಾವ ನಮೂನೆ ಅಂತ ಕೇಳಿ. ಬಲಮೂಲೆಯಲ್ಲೋ ಮೇಲ್ಗಡೆಯೋ ನಮೂನೆ ಸಂಖ್ಯೆ ಬರೆದೇ ಇರುತ್ತೆ.

ಕೆ.ಆರ್. ಪೇಟೆ ಕೃಷಿಕ
ಇಲ್ಲೇ ಕೇಳಿಬಿಡ್ತೀನಿ. ನನಗೆ ಅಪ್ಪನ ಜಮೀನಿನಲ್ಲಿ 10 ಗುಂಟೆ ಕನ್ವರ್ಷನ್ ಮಾಡಿಸಿ ಮನೆ ಕಟ್ಟಬೇಕು. ಪಹಣಿ ಅಪ್ಪ, ಚಿಕ್ಕಪ್ಪ ಇಬ್ಬರ ಹೆಸರಲ್ಲಿ ಜಂಟಿಯಾಗಿದೆ. ಎಲ್ಲಿಂದ ಶುರು ಮಾಡೋದು?

ಸರ್ವೆ ಚೈನು
ಅಣ್ಣ, ಪ್ರಶ್ನೆ ಬೇರೆ ಆದರೂ ಈ ಚರ್ಚೆಗೆ ಸಂಬಂಧ ಇದೆ. ಮೊದಲು 11ಇ ನಕ್ಷೆ ಮಾಡಿಸಿ. ಸರ್ವೆ ನಂಬರಿನ ಪೈಕಿ ಒಂದು ಭಾಗಕ್ಕೆ ಮಾತ್ರ ಪರಿವರ್ತನೆ ಬೇಕು ಅಂದ್ರೆ ಆ ಭಾಗ ಯಾವುದು ಅಂತ ಸರ್ವೆಯರ್ ಸ್ಥಳದಲ್ಲೇ ಅಳೆದು ಗುರುತಿಸಬೇಕು. ಜಂಟಿ ಖಾತೆ ಇರೋದ್ರಿಂದ ಅಪ್ಪನೊಬ್ಬರೇ ಅರ್ಜಿ ಹಾಕಿದರೆ ನಿಲ್ಲುತ್ತೆ. ಚಿಕ್ಕಪ್ಪನೂ ಸೇರಿ ಸಹಿ ಹಾಕಬೇಕು, ಇಲ್ಲ ಮೊದಲು ವಿಭಾಗ ಮಾಡಿಕೊಂಡು ಖಾತೆ ಬೇರೆ ಆಗಬೇಕು. ಆಮೇಲೆ ಭೂದಾಖಲೆಗಳ ತಾಣ `landrecords.karnataka.gov.in`ನಲ್ಲಿ ನೋಟರಿ ಮಾಡಿಸಿದ ಪ್ರಮಾಣಪತ್ರ, ಪಹಣಿ, ಮ್ಯುಟೇಷನ್ ನಕಲು, 11ಇ ನಕ್ಷೆ ಹಾಕಿ ಅರ್ಜಿ. ಇಲಾಖೆಗಳ ಅಭಿಪ್ರಾಯ ಬಂದಮೇಲೆ ಶುಲ್ಕ ಕಟ್ಟೋಕೆ ಸೂಚನೆ ಬರುತ್ತೆ, ಕಟ್ಟಿದಮೇಲೆ ಆದೇಶ. ಪ್ರಮಾಣಪತ್ರದಲ್ಲಿ ಸುಳ್ಳು ಬರೆದಿದ್ದರೆ ಆದೇಶ ಆಮೇಲೂ ರದ್ದಾಗುತ್ತೆ.

ನೀವೇ ಉಳುಮೆ ಮಾಡ್ತಾ ಆ ಹೊಲದಲ್ಲೇ ತೋಟದ ಮನೆ ಕಟ್ಟಿಕೊಳ್ಳೋದಾದ್ರೆ, ಹಿಡುವಳಿಯ ಶೇ. 10 ಮೀರದ ಜಾಗಕ್ಕೆ ಕಲಂ 95ರಲ್ಲೇ ಅವಕಾಶ ಇದೆ. ಅದನ್ನ ಮಾರೋಕೆ, ಬಾಡಿಗೆಗೆ ಬಿಡೋಕೆ ಅಂತ ಬಳಸಬಾರದು. ಯಾವುದು ನಿಮಗೆ ಬೇಕು ಯೋಚನೆ ಮಾಡಿ.

ಕೆ.ಆರ್. ಪೇಟೆ ಕೃಷಿಕ
ನಾಲೆ ನೀರಿನ ಗದ್ದೆ ಅದು. ಏನಾದ್ರೂ ಅಡ್ಡಿ ಬರುತ್ತಾ?

ಪಾಂಡವಪುರದ ಅಕ್ಕ
ಬರುತ್ತೆ ತಮ್ಮ. ವಿ.ಸಿ. ನಾಲೆ ಅಚ್ಚುಕಟ್ಟಿನ ಕಡೆ ನೀರಾವರಿ ಜಮೀನು ಅಂದಕೂಡಲೇ ನೀರಾವರಿಯವರ ಅಭಿಪ್ರಾಯದಲ್ಲೇ ಫೈಲು ನಿಂತುಕೊಳ್ಳೋದು ಜಾಸ್ತಿ. ಖುಷ್ಕಿ ತುಂಡು ಇದ್ದರೆ ಅದರಲ್ಲಿ ಕೇಳು. ಕಾಲುವೆ ಪಕ್ಕದ ಜಾಗ ಆದರೆ ಕಾಲುವೆಯ ಗಡಿ ಎಲ್ಲಿಯವರೆಗೆ ಅಂತ 11ಇ ನಕ್ಷೆಯಲ್ಲೇ ಸ್ಪಷ್ಟ ಮಾಡಿಸಿಕೋ.

ಸೈಟು ಹುಡುಕಾಟ
ಚೆಕ್ಕುಬಂದಿ ಓದಿದೆ. ಪೂರ್ವಕ್ಕೆ 46ನೇ ನಂಬರು, ಪಶ್ಚಿಮಕ್ಕೆ 48, ಉತ್ತರಕ್ಕೆ ಊರಿಗೆ ಹೋಗೋ ಬಂಡಿದಾರಿ, ದಕ್ಷಿಣಕ್ಕೆ "ಇದೇ ನಂಬರಿನ ಉಳಿಕೆ ಜಮೀನು". ನಮ್ಮ 53ನೇ ಸೈಟು ಕೊನೆ ಸಾಲಲ್ಲಿ, ದಕ್ಷಿಣದ ಹಳ್ಳದ ಪಕ್ಕ ಇದೆ.

ಕಡತ ಕೋಣೆ
ಹಾಗಾದರೆ ಉತ್ತರ ಸಿಕ್ಕಂಗೇ ಆಯ್ತು. ದಾರಿ ಕಡೆಯ 60 ಗುಂಟೆ ಪರಿವರ್ತನೆ ಆಗಿದೆ, ಹಳ್ಳದ ಕಡೆಯ 30 ಗುಂಟೆ ಆಗಿಲ್ಲ. ನಿಮ್ಮ ಸೈಟು ಹಳ್ಳದ ಕಡೆ. ಅವರು ತೋರಿಸ್ತಿರೋ ಆದೇಶ ನಿಜವಾದದ್ದೇ ಇರಬಹುದು, ಆದರೆ ಅದು ನಿಮ್ಮ ಸೈಟಿನ ಮಣ್ಣಿಗೆ ಅನ್ವಯಿಸಲ್ಲ. ಜನ ಮೋಸ ಹೋಗೋದು ನಕಲಿ ಆದೇಶದಿಂದ ಅಲ್ಲ, ಹೆಚ್ಚಾಗಿ ಹಿಂಗೇ. ಅಸಲಿ ಆದೇಶ, ಪಕ್ಕದ ಜಾಗದ್ದು.

ಬ-ಖರಾಬು 4 ಗುಂಟೆ ಎಲ್ಲಿದೆ ಅನ್ನೋದನ್ನೂ ನೋಡಿ. ಹಳ್ಳ ಅಂದಮೇಲೆ ಅಲ್ಲೇ ಇರೋ ಸಾಧ್ಯತೆ ಹೆಚ್ಚು. ಬ-ಖರಾಬು ಸಾರ್ವಜನಿಕ ಜಾಗ, ಅದನ್ನ ಯಾರೂ ಪರಿವರ್ತನೆ ಮಾಡಿಸಿಕೊಳ್ಳೋಕೂ ಆಗಲ್ಲ, ಮಾರೋಕೂ ಆಗಲ್ಲ.

ಸರ್ವೆ ಚೈನು
ಸ್ಥಳಕ್ಕೆ ಹೋದಾಗ ಮೊಬೈಲಲ್ಲಿ ದಿಶಾಂಕ್ ಆಪ್ ಹಾಕಿಕೊಂಡು ಸೈಟಿನ ಮೇಲೆ ನಿಂತು ನೋಡಿ. ಸರ್ವೆ ನಂಬರು ಯಾವುದು, ಹಳ್ಳದ ಗೆರೆ ಎಲ್ಲಿ ಹಾಯ್ದಿದೆ ಅಂತ ಅಂದಾಜು ಸಿಗುತ್ತೆ. ಅಂದಾಜು ಮಾತ್ರ, ಕೆಲವು ಅಡಿ ಆಚೀಚೆ ತೋರಿಸುತ್ತೆ, ಅದನ್ನೇ ಹದ್ದುಬಸ್ತು ಅಂದ್ಕೋಬೇಡಿ. ಸೈಟು ಪೂರ್ತಿ ಪಕ್ಕದ 48ರಲ್ಲೇ ಬಿದ್ದಿದ್ದರೆ ಅಷ್ಟರಲ್ಲೇ ಗೊತ್ತಾಗುತ್ತೆ.

ಬೋಗಾದಿ ರಸ್ತೆ
ಒಂದು ಅನುಮಾನ. 2014ರ ಆದೇಶ, ಅದರಲ್ಲಿ ಸಾಮಾನ್ಯವಾಗಿ ಎರಡು ವರ್ಷದೊಳಗೆ ಉದ್ದೇಶಕ್ಕೆ ಬಳಸಬೇಕು ಅಂತ ಷರತ್ತು ಇರುತ್ತೆ. ಇಷ್ಟು ವರ್ಷ ಖಾಲಿ ಬಿಟ್ಟರೆ ಆದೇಶವೇ ಬಿದ್ದುಹೋಗಲ್ವಾ?

ಕಡತ ಕೋಣೆ
ತಾನಾಗಿ ಬಿದ್ದುಹೋಗುತ್ತೆ ಅಂತ ನಾನು ಒಪ್ಪಲ್ಲ. ಷರತ್ತು ಮುರಿದರೆ ರದ್ದು ಮಾಡೋ ಅಧಿಕಾರ ಜಿಲ್ಲಾಧಿಕಾರಿಗಿದೆ. ರದ್ದು ಮಾಡೋವರೆಗೂ ಆದೇಶ ಇರುತ್ತೆ.

ಬೋಗಾದಿ ರಸ್ತೆ
ನಕ್ಷೆ ಮಂಜೂರಾತಿಗೆ ಹೋದಾಗ ಅದೇ ಷರತ್ತು ಎತ್ತಿ ಆಕ್ಷೇಪ ಹಾಕ್ತಾರಲ್ಲ ಸಾರ್. ಕೊಳ್ಳೋನಿಗೆ ಎರಡೂ ಒಂದೇ ತೊಂದರೆ.

ಕಡತ ಕೋಣೆ
ಆಕ್ಷೇಪ ಬರಬಹುದು, ಅದು ನಿಜ. ಅದಕ್ಕೇ ಆದೇಶದ ಕೊನೆ ಪುಟದ ಷರತ್ತುಗಳನ್ನ ಓದಿ ಅನ್ನೋದು. ಬಹಳ ಜನ ಮೊದಲ ಪುಟದ ಜೆರಾಕ್ಸ್ ಮಾತ್ರ ಕೊಡ್ತಾರೆ. "ಸಕ್ಷಮ ಪ್ರಾಧಿಕಾರದಿಂದ ವಿನ್ಯಾಸ ನಕ್ಷೆ ಮಂಜೂರು ಪಡೆಯದೆ ನಿವೇಶನ ಮಾರಬಾರದು" ಅನ್ನೋ ಸಾಲು ಆ ಷರತ್ತುಗಳಲ್ಲೇ ಇರುತ್ತೆ.

ಜಯಲಕ್ಷ್ಮೀಪುರಂ ಓದುಗರು
ಮಾಸ್ಟರ್ ಪ್ಲಾನ್ ಯಾರೂ ಹೇಳಲೇ ಇಲ್ಲ. ಇಲವಾಲ ಸುತ್ತ ಬಹಳಷ್ಟು ಹಳ್ಳಿ ಮೈಸೂರು-ನಂಜನಗೂಡು ಸ್ಥಳೀಯ ಯೋಜನಾ ಪ್ರದೇಶದೊಳಗೇ ಬರುತ್ತೆ. ಮಹಾಯೋಜನೆ 2031ರ ನಕ್ಷೆಯಲ್ಲಿ ಆ ಸರ್ವೆ ನಂಬರು ಹಳದಿ ಬಣ್ಣದಲ್ಲಿದೆಯೋ ಹಸಿರಿನಲ್ಲಿದೆಯೋ ನೋಡಬೇಕು. ಹಳದಿ ಅಂದ್ರೆ ವಸತಿ ವಲಯ. ಹಸಿರಲ್ಲಿದ್ದರೆ ಮೊದಲು ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಕಲಂ 14ಎ ಅಡಿ ಭೂ ಉಪಯೋಗ ಬದಲಾವಣೆ ಆಗಬೇಕು, ಆಮೇಲೆ ಪರಿವರ್ತನೆ, ಆಮೇಲೆ ಬಡಾವಣೆ ನಕ್ಷೆ. ಪ್ರಾಧಿಕಾರದಲ್ಲಿ ಸರ್ವೆ ನಂಬರು ಕೊಟ್ಟು ಭೂ ಉಪಯೋಗ ದೃಢೀಕರಣ ತಗೊಂಡರೆ ಅದು ಬರವಣಿಗೆಯಲ್ಲೇ ಸಿಗುತ್ತೆ.

ಮದ್ದೂರು ಹುಡುಗ
ಹಳದಿ ಇದ್ದರೆ ಈಗ ಕನ್ವರ್ಷನ್ ತಾನಾಗೇ ಆದಂಗೆ ಅಂತಾರಲ್ಲ?

ಜಯಲಕ್ಷ್ಮೀಪುರಂ ಓದುಗರು
ಇತ್ತೀಚಿನ ತಿದ್ದುಪಡಿ ಆಮೇಲೆ ಮಹಾಯೋಜನೆಗೆ ತಕ್ಕ ಉದ್ದೇಶ ಆದರೆ ಶುಲ್ಕ ಕಟ್ಟಿದಮೇಲೆ ಪರಿವರ್ತನೆ ಆದಂತೆ ಪರಿಗಣಿಸ್ತಾರೆ. ಅರ್ಜಿ ಹಾಕದೆ, ಶುಲ್ಕ ಕಟ್ಟದೆ ಆಗಲ್ಲ. ಬಣ್ಣ ಹಳದಿ ಇದೆ ಅನ್ನೋದನ್ನೇ ಕಾಗದ ಅಂತ ಒಪ್ಪಿಕೋಬೇಡಿ, ಪಾವತಿ ಮತ್ತು ಅನುಮತಿ ಪತ್ರ ಕೇಳಿ.

ಪಾಂಡವಪುರದ ಅಕ್ಕ
ಆ ಜಮೀನು ಮೂಲದಲ್ಲಿ ದರಖಾಸ್ತು ಜಮೀನಾ ಅಂತ ಯಾರಾದ್ರೂ ವಿಚಾರಿಸಿದಿರಾ? ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡಿದ್ದರೆ ಕ್ರಯ ನಿಲ್ಲಲ್ಲ. ನಡುವೆ ಪರಿವರ್ತನೆ ಆದೇಶ ಬಂದುಬಿಟ್ಟರೆ ಆ ದೋಷ ತೊಳೆದುಹೋಗುತ್ತೆ ಅಂತ ನಂಬಿದವರು ಬಹಳ ಜನ, ಹೋಗಲ್ಲ. 2023ರ ತಿದ್ದುಪಡಿ ಆದಮೇಲೆ ಕಾಲಮಿತಿ ಮುಗಿದಿದೆ ಅನ್ನೋ ವಾದವೂ ಸುಲಭ ಅಲ್ಲ. ಮೂಲ ಕುಟುಂಬದವರ ಹಕ್ಕು ಅದು, ನ್ಯಾಯವಾದದ್ದೇ. ಕೊಳ್ಳೋರು ಮೊದಲೇ ತಿಳ್ಕೊಂಡು ದೂರ ಇರಬೇಕು.

ಹೂಟಗಳ್ಳಿ ನಿವಾಸಿ
ಅದು ಇಸಿಯಲ್ಲಿ ಗೊತ್ತಾಗಲ್ವಾ ಅಕ್ಕ?

ಪಾಂಡವಪುರದ ಅಕ್ಕ
ಇಲ್ಲ. ಇಸಿಯಲ್ಲಿ ಬರೋದು ನೋಂದಣಿ ಆದ ವ್ಯವಹಾರ ಮಾತ್ರ. ಆನ್‌ಲೈನಿನಲ್ಲಿ ಸಿಗೋದು 2004ರ ಏಪ್ರಿಲ್‌ನಿಂದ ಈಚೆಗಿನದ್ದು. ಮಂಜೂರಾತಿ ಅದಕ್ಕಿಂತ ಎಷ್ಟೋ ಹಳೇದು. ತಾಲ್ಲೂಕು ಕಚೇರಿ ಅಭಿಲೇಖಾಲಯದಲ್ಲಿ ಕೈಬರಹದ ಹಳೇ ಪಹಣಿ, ಮ್ಯುಟೇಷನ್ ನಕಲು ತೆಗೆಸಿ. ಮೊದಲ ಮಾಲೀಕನ ಹೆಸರಿನ ಮುಂದೆ ಮಂಜೂರಾತಿ ಅಂತಲೋ, ಸಾಗುವಳಿ ಚೀಟಿ ಸಂಖ್ಯೆಯೋ ಇದ್ದರೆ ಅಲ್ಲೇ ನಿಂತು ವಕೀಲರನ್ನ ಕೇಳಿ.

ಸೈಟು ಹುಡುಕಾಟ
ಇವತ್ತು ಮಾರೋರ ಜೊತೆ ಮಾತಾಡಿದೆ. "ಉಳಿಕೆ 30 ಗುಂಟೆಗೂ ಅರ್ಜಿ ಹಾಕಿದ್ದೀವಿ, ಮೂರು ತಿಂಗಳಲ್ಲಿ ಆದೇಶ ಬರುತ್ತೆ, ಈಗ ರಿಜಿಸ್ಟರ್ ಮಾಡಿಕೊಂಡರೆ ರೇಟು ಕಡಿಮೆ" ಅಂದರು. ಅಗ್ರಿಮೆಂಟ್ ಮಾಡ್ಕೊಂಡು ಕಾಯಬಹುದಾ?

ಬೋಗಾದಿ ರಸ್ತೆ
ಅರ್ಜಿ ಸಂಖ್ಯೆ ಕೊಟ್ಟರಾ? ಆನ್‌ಲೈನ್ ಅರ್ಜಿಗೆ ಸಂಖ್ಯೆ ಇದ್ದೇ ಇರುತ್ತೆ. ಸ್ಥಿತಿ ಏನು ಅಂತ ನೀವೇ ನೋಡಬಹುದು.

ಸೈಟು ಹುಡುಕಾಟ
ಕೇಳಿದೆ, "ಆಫೀಸಲ್ಲಿದೆ, ಕಳಿಸ್ತೀವಿ" ಅಂದರು. ಇನ್ನೂ ಬಂದಿಲ್ಲ.

ಸರ್ವೆ ಚೈನು
30 ಗುಂಟೆಗೆ ಆದೇಶ ಬಂದರೂ 62 ಸೈಟಿನ ಲೆಕ್ಕ ಸರಿಹೋಗಲ್ಲ ಅನ್ನೋದು ನೆನಪಿರಲಿ. ಖರಾಬು ಬಿಟ್ಟು ಪೂರ್ತಿ 90 ಗುಂಟೆ ಅಂದ್ರೆ 98,010 ಚದರಡಿ. 62 ಸೈಟು ಅದರಲ್ಲಿ ನೂರಕ್ಕೆ ಎಪ್ಪತ್ತಾರು ಭಾಗ ತಿಂದುಬಿಡುತ್ತೆ. ಮಂಜೂರಾತಿಗೆ ಹೋದರೆ ಸೈಟುಗಳನ್ನ ಕಡಿಮೆ ಮಾಡಿ ನಕ್ಷೆ ಹೊಸದಾಗಿ ಬರೀಲೇಬೇಕು. ಆಗ 53 ಅನ್ನೋ ನಂಬರೇ ಉಳಿಯುತ್ತೋ, ಆ ಜಾಗ ಪಾರ್ಕಿಗೆ ಹೋಗುತ್ತೋ ಹೇಳೋಕಾಗಲ್ಲ. ಹಳ್ಳದ ಪಕ್ಕದ ಜಾಗವನ್ನೇ ಸಾಮಾನ್ಯವಾಗಿ ಖಾಲಿ ಬಿಡಿಸ್ತಾರೆ.

ಹೂಟಗಳ್ಳಿ ನಿವಾಸಿ
ಉತ್ತರದ ಕಡೆ, ಪರಿವರ್ತನೆ ಆದ 60 ಗುಂಟೆಯಲ್ಲೇ ಬೇರೆ ಸೈಟು ಕೇಳಿದರೆ? 10ನೇ ನಂಬರು, 12ನೇ ನಂಬರು ಅಂತ. ಆಮೇಲೆ ಏಕ ನಿವೇಶನ ನಕ್ಷೆ ಮಾಡಿಸಿಕೊಂಡರೆ ಆಯ್ತಲ್ಲ.

ಜಯಲಕ್ಷ್ಮೀಪುರಂ ಓದುಗರು
ಏಕ ನಿವೇಶನ ಅನ್ನೋದು ಪೂರ್ತಿ ಜಮೀನು ಒಂದೇ ನಿವೇಶನವಾಗಿ ಇರೋ ಕಡೆಗೆ. ಒಂದು ಜಮೀನನ್ನ ಹತ್ತಾರು ಸೈಟಾಗಿ ಒಡೆದು ಮಾರಿದಮೇಲೆ ಒಂದೊಂದೇ ತಂದು ಏಕ ನಿವೇಶನ ಅಂದರೆ, ಬಡಾವಣೆ ಮಂಜೂರಾತಿ ತಪ್ಪಿಸೋಕೆ ಮಾಡಿದ್ದು ಅಂತಲೇ ನೋಡ್ತಾರೆ.

ಹೂಟಗಳ್ಳಿ ನಿವಾಸಿ
ಕೊಟ್ಟಿರೋದನ್ನ ನೋಡಿದೀನಿ ಸಾರ್.

ಜಯಲಕ್ಷ್ಮೀಪುರಂ ಓದುಗರು
ಕೊಟ್ಟಿರಬಹುದು. ಅದನ್ನ ನಂಬಿ ದುಡ್ಡು ಹಾಕಿ ಅಂತ ನಾನು ಹೇಳಲಾರೆ.

ಕಡತ ಕೋಣೆ
ಸೈಟು ಹುಡುಕಾಟದವರೇ, ಅಗ್ರಿಮೆಂಟ್ ಮಾಡಲೇಬೇಕು ಅಂದರೆ ಅದರಲ್ಲಿ ಮೂರು ಕಾಗದದ ಹೆಸರು ಬರೆಸಿ: ನಿಮ್ಮ ಸೈಟಿನ ಜಾಗ ಒಳಗೊಂಡ ಪರಿವರ್ತನೆ ಆದೇಶ, ಪ್ರಾಧಿಕಾರ ಮಂಜೂರು ಮಾಡಿದ ಬಡಾವಣೆ ನಕ್ಷೆ ಜೊತೆಗೆ ಆ ಸೈಟಿನ ಬಿಡುಗಡೆ ಪತ್ರ, ಮತ್ತು ನಮೂನೆ 9, 11ಎ. ಮಂಜೂರಾದ ಬಡಾವಣೆಯಲ್ಲೂ ರಸ್ತೆ, ಚರಂಡಿ, ನೀರು, ಕರೆಂಟಿನ ಕೆಲಸ ಆದಂತೆ ಸೈಟುಗಳನ್ನ ಹಂತ ಹಂತವಾಗಿ ಬಿಡುಗಡೆ ಮಾಡ್ತಾರೆ. ಬಿಡುಗಡೆ ಆಗದ ಸೈಟನ್ನ ಮಾರೋ ಹಾಗಿಲ್ಲ. ಈ ಮೂರು ಬಾರದೆ ಬಾಕಿ ಹಣ ಇಲ್ಲ, ಇಂಥ ತಾರೀಖಿನೊಳಗೆ ಬಾರದಿದ್ದರೆ ಮುಂಗಡ ವಾಪಸ್ಸು ಅಂತ ಬರೆದು ನೋಂದಣಿ ಮಾಡಿಸಿ. ಇದಕ್ಕೆ ಮಾರೋರು ಒಪ್ಪದಿದ್ದರೆ ಅರ್ಜಿ ಹಾಕಿದ್ದೀವಿ ಅನ್ನೋ ಮಾತಿನ ತೂಕ ನಿಮಗೇ ಗೊತ್ತಾಗುತ್ತೆ.

ಆದೇಶದ ದೃಢೀಕೃತ ನಕಲನ್ನೂ ನೀವೇ ಅರ್ಜಿ ಕೊಟ್ಟು ತೆಗೆಸಿ. 2014ರದ್ದು ಹಳೇ ಕಡತ, ಜೆರಾಕ್ಸಿನ ಮೇಲೆ ಎ.ಎಲ್.ಎನ್. ಅಂತ ಶುರುವಾಗೋ ಸಂಖ್ಯೆ ಇದೆಯಾ ನೋಡಿ, ಆ ಸಂಖ್ಯೆ ಮತ್ತು ತಾರೀಖು ಕೊಟ್ಟರೆ ಕಡತ ಹುಡುಕೋಕೆ ಸುಲಭ.

ಸೈಟು ಹುಡುಕಾಟ
ಸಂಖ್ಯೆ ಇದೆ. ಸೋಮವಾರ ನಕಲಿಗೆ ಅರ್ಜಿ ಹಾಕ್ತೀನಿ. ಮುಂಗಡ ಕೊಡಲ್ಲ ಅಂತ ಹೇಳಿಬಿಟ್ಟಿದ್ದೀನಿ. ಅದೇ ಬಡಾವಣೆಯಲ್ಲಿ ಆಗಲೇ 40ರಿಂದ 52ರವರೆಗೆ ಮಾರಾಟ ಆಗಿದೆ ಅಂದರು. ಆ ಸೈಟುಗಳೂ ದಕ್ಷಿಣದ ಕಡೆಯವೇ. ಅವರಿಗೆ ಈಗ ಏನು ದಾರಿ?

ಕಡತ ಕೋಣೆ
ಅವರು ಒಟ್ಟಾಗಿ ಮೂಲ ಮಾಲೀಕರ ಸಹಿ ತಗೊಂಡು ಉಳಿಕೆ 30 ಗುಂಟೆಗೆ ಪರಿವರ್ತನೆ ಅರ್ಜಿ ಹಾಕಿಸೋದೊಂದು ಇದೆ. ಪಹಣಿ ಇನ್ನೂ ಆ ಮಾಲೀಕರ ಹೆಸರಲ್ಲೇ ಇದೆಯಾ?

ಸೈಟು ಹುಡುಕಾಟ
9ನೇ ಕಾಲಮ್ಮಿನಲ್ಲಿ ಇಬ್ಬರ ಹೆಸರಿದೆ. ಒಬ್ಬರು ತೀರಿಕೊಂಡಿದ್ದಾರೆ ಅಂತ ಊರಲ್ಲಿ ಹೇಳಿದರು.

ಸರ್ವೆ ಚೈನು
ಹಾಗಾದರೆ ಮೊದಲು ಪೌತಿ ಖಾತೆ ಆಗಬೇಕು. ತೀರಿಕೊಂಡವರ ಹೆಣ್ಣುಮಕ್ಕಳೂ ಸೇರಿ ಎಲ್ಲಾ ವಾರಸುದಾರರ ಹೆಸರು ಬರಬೇಕು. ಅದಾದಮೇಲೇ ಉಳಿದದ್ದು. ಆ 13 ಸೈಟಿನ ಕ್ರಯಪತ್ರಕ್ಕೆ ಯಾರು ಸಹಿ ಹಾಕಿದ್ದಾರೆ, ಸಾವಿನ ತಾರೀಖಿಗಿಂತ ಮುಂಚೆನಾ ಆಮೇಲಾ, ಅದನ್ನೂ ನೋಡಬೇಕು.

ಸೈಟು ಹುಡುಕಾಟ
ಸರಿ. ಕೊಂಡವರಲ್ಲಿ ಒಬ್ಬರ ಪರಿಚಯ ಆಗಿದೆ, ಅವರಿಗೆ ಈ ಚರ್ಚೆಯ ಕೊಂಡಿ ಕಳಿಸಿದ್ದೀನಿ.